ಹಾಲಿನ ಡಬ್ಬಿಯಲ್ಲಿ ಬಂದ ಹಲ್ಲು

ಭಾನುವಾರ ಸಂಜೆ ಫೋನ್ ಬಂತು ಅಂದ್ರೆ ಅದು ಹಲ್ಲುನೋವು ತಡೆಯಲಾರದವರದ್ದೇ ಆಗಿರುತ್ತದೆ. ಅವತ್ತು ಹಾಗಿರಲಿಲ್ಲ. ಸಕಲೇಶಪುರದಾಚೆ ತೋಟದ ಮನೆಯಿಂದ ಪರಿಚಯದವರೊಬ್ಬರು ಮಾತಾಡಿದರು. "ಮೇಡಂ, ನಮ್ಮ ಅಣ್ಣನ ಮಗನ ಮುಂದಿನ ಹಲ್ಲು ಬೇರುಸಮೇತ ಬಿದ್ದುಹೋಯ್ತು. ಹಲ್ಲು ಸಿಕ್ಕಿದೆ. ಏನ್ ಮಾಡ್ಲಿ?"

ಕಾಫಿ ಕಣದಲ್ಲಿ ಕ್ರಿಕೆಟ್ ಆಡ್ತಾ ಇದ್ದರಂತೆ. ಹುಡುಗ ವಿಕೆಟ್ ಹಿಂದೆ ತೀರಾ ಹತ್ತಿರ ನಿಂತಿದ್ದ, ಬೀಸಿದ ಬ್ಯಾಟು ಬಾಯಿಗೇ ಬಂತು. ನಾನು ಮೊದಲು ಕೇಳಿದ್ದು ಹಲ್ಲಿನ ವಿಷಯ ಅಲ್ಲ. ಪ್ರಜ್ಞೆ ತಪ್ಪಿದನಾ, ವಾಂತಿ ಆಯ್ತಾ, ಮಾತು ತೊದಲುತ್ತಾ ಇದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಹಲ್ಲು ಆಮೇಲೆ, ಮೊದಲು ದೊಡ್ಡಾಸ್ಪತ್ರೆ ಅಂತಿದ್ದೆ. ಇಲ್ಲ ಅಂದರು. ವಯಸ್ಸು ಹನ್ನೆರಡು. ಹಾಗಾದ್ರೆ ಇದು ಹಾಲು ಹಲ್ಲಲ್ಲ. ಮೇಲಿನ ಮುಂದಿನ ಹಲ್ಲು ಏಳೆಂಟು ವರ್ಷಕ್ಕೇ ಬದಲಾಗಿರುತ್ತದೆ. ಹಾಲು ಹಲ್ಲಾಗಿದ್ದರೆ ವಾಪಸ್ ಹಾಕಬೇಡಿ ಅಂತಿದ್ದೆ, ಒಳಗೆ ಬೆಳೀತಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ.

"ಬಿದ್ದು ಎಷ್ಟು ಹೊತ್ತಾಯ್ತು?"

"ಐದ್ ನಿಮಿಷ ಇರ್ಬಹುದು. ಟಿಶ್ಯೂ ಪೇಪರಲ್ಲಿ ಸುತ್ತಿಟ್ಟಿದೀವಿ. ಅಜ್ಜಿ ಸೂರಿನ ಮೇಲೆ ಎಸೀರಿ ಅಂತಿದಾರೆ."

ಪೇಪರಿಂದ ತಕ್ಷಣ ತೆಗೀರಿ ಅಂದೆ. ಕಾರಣ ಇದೆ. ಹಲ್ಲಿನ ಬೇರಿನ ಮೇಲೆ, ಅದನ್ನು ಮೂಳೆಗೆ ಹಿಡಿದಿಡುವ ನಾರುಗಳ ತೆಳು ಪೊರೆ ಇರುತ್ತದೆ. ಹಲ್ಲು ಕಿತ್ತು ಬಂದಾಗ ಅರ್ಧ ಪೊರೆ ಬೇರಿಗೇ ಅಂಟಿಕೊಂಡಿರುತ್ತದೆ, ಅದರಲ್ಲಿ ಜೀವಕೋಶಗಳು ಇನ್ನೂ ಬದುಕಿರುತ್ತವೆ. ಅವು ಉಳಿದರೆ ಹಲ್ಲು ಮತ್ತೆ ಸರಿಯಾಗಿ ಹಿಡಿಯುತ್ತದೆ. ಗಾಳಿಗೆ ಒಣಗಿದರೆ ಸಾಯುತ್ತವೆ, ಅರ್ಧ ಗಂಟೆ ಒಣಗಿದರೆ ಬಹುಪಾಲು ಹೋದವು ಅಂತಲೇ ಲೆಕ್ಕ. ಟಿಶ್ಯೂ ಪೇಪರ್ ಇದ್ದಬದ್ದ ತೇವವನ್ನೂ ಹೀರಿಕೊಳ್ಳುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಅಂದ್ರೆ ಅಲ್ಲೇ, ಆಗಲೇ, ಹಲ್ಲನ್ನು ಅದರ ಗೂಡಿಗೆ ವಾಪಸ್ ಕೂರಿಸುವುದು. ಹದಿನೈದು ನಿಮಿಷದೊಳಗೆ ಆದರೆ ಅದಕ್ಕಿಂತ ದೊಡ್ಡ ಚಿಕಿತ್ಸೆ ನನ್ನ ಕ್ಲಿನಿಕ್ಕಲ್ಲೂ ಇಲ್ಲ. ಹಾಗಾಗಿ ಚಿಕ್ಕಪ್ಪನಿಗೆ ಫೋನಲ್ಲೇ ಹೇಳುತ್ತಾ ಹೋದೆ. ಹಲ್ಲನ್ನು ಬಿಳಿ ಭಾಗದಲ್ಲಿ ಹಿಡೀರಿ, ಹಳದಿ ಬೇರನ್ನು ಮುಟ್ಟಬೇಡಿ. ಮಣ್ಣಾಗಿದ್ರೆ ನಲ್ಲಿ ನೀರಲ್ಲಿ ಹತ್ತು ಸೆಕೆಂಡು ಹಿಡೀರಿ ಸಾಕು. "ಬ್ರಶ್ಶಲ್ಲಿ ಉಜ್ಜಲಾ, ಡೆಟಾಲ್ ಹಾಕ್ಲಾ" ಅಂತ ಕೇಳಿದರು. ಬೇಡವೇ ಬೇಡ. ಉಜ್ಜಿದರೆ ನಾವು ಉಳಿಸಬೇಕಾದ ಪೊರೆಯೇ ಕಿತ್ತುಹೋಗುತ್ತದೆ. ಒಳಬಾಗಿದ ಮೈ ನಾಲಿಗೆ ಕಡೆಗೆ, ಉಬ್ಬಿದ ಮೈ ತುಟಿ ಕಡೆಗೆ ಬರುವಂತೆ ಹಿಡಿದು ಮೆಲ್ಲಗೆ ಒತ್ತಿ, ಪಕ್ಕದ ಹಲ್ಲಿನ ಮಟ್ಟಕ್ಕೆ ಬಂದ ಮೇಲೆ ಮಡಿಸಿದ ಕರ್ಚೀಫು ಕಚ್ಚಿಸಿ ಕರ್ಕೊಂಡು ಬನ್ನಿ ಅಂದೆ.

ಹುಡುಗ ಬಾಯಿ ತೆರೆಯಲೇ ಇಲ್ಲ. ಅಳು, ರಕ್ತ, ಸುತ್ತ ಹತ್ತು ಜನ. ಚಿಕ್ಕಪ್ಪನ ಕೈಯೂ ನಡುಗುತ್ತಿತ್ತು, ದನಿಯಲ್ಲೇ ಗೊತ್ತಾಗುತ್ತಿತ್ತು. ಇಂಥ ಹೊತ್ತಲ್ಲಿ ಒತ್ತಾಯ ಮಾಡುತ್ತಾ ನಿಮಿಷ ಕಳೆಯಬಾರದು. "ಬಿಡಿ, ಫ್ರಿಜ್ಜಲ್ಲಿ ಹಾಲಿದೆಯಾ?" ಅಂದೆ. ಇತ್ತು. ಬೆಳಿಗ್ಗೆ ಕಾಯಿಸಿ ಆರಿಸಿ ಇಟ್ಟದ್ದು. ಸಕ್ಕರೆ ಹಾಕಿರಲಿಲ್ಲ. ಮುಚ್ಚಳ ಇರುವ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಹಲ್ಲು ಪೂರ್ತಿ ಮುಳುಗುವಷ್ಟು ಹಾಲು ಹಾಕಿಕೊಂಡು ಹೊರಟರು.

ಹಾಲೇ ಯಾಕೆ, ನೀರಲ್ಲಿ ಇಟ್ಟರೆ ಏನು ಅಂತ ತುಂಬಾ ಜನ ಕೇಳುತ್ತಾರೆ. ಹಾಲಿನಲ್ಲಿರುವ ಉಪ್ಪಿನಂಶಗಳ ಸಾಂದ್ರತೆ ನಮ್ಮ ಮೈಯ ದ್ರವಗಳಿಗೆ ಹತ್ತಿರ. ಹಾಗಾಗಿ ಜೀವಕೋಶ ಒಳಗಿನ ನೀರು ಕಳೆದುಕೊಳ್ಳುವುದೂ ಇಲ್ಲ, ಹೊರಗಿನದನ್ನು ಹೀರಿಕೊಳ್ಳುವುದೂ ಇಲ್ಲ. ಬರೀ ನೀರಲ್ಲಿ ಇಟ್ಟರೆ ಅವು ನೆನೆಹಾಕಿದ ಕಡಲೆ ಥರ ಉಬ್ಬಿ ಒಡೆದೇ ಹೋಗುತ್ತವೆ. ಪ್ಯಾಕೆಟ್ ಹಾಲು, ಕಾಯಿಸಿ ಆರಿಸಿದ ಹಾಲು ಎರಡರಲ್ಲೂ ಕ್ರಿಮಿ ಕಡಿಮೆ. ಮಜ್ಜಿಗೆ, ಮೊಸರು ಬೇಡ, ಅವು ಹುಳಿ. ಎಳನೀರಲ್ಲೂ ಹುಳಿ ಗುಣ ಇರುವುದರಿಂದ ಹಾಲು ಸಿಗುವ ಮನೆಯಲ್ಲಿ ಅದನ್ನು ನಾನು ಹೇಳುವುದಿಲ್ಲ. ಹ್ಯಾಂಕ್ಸ್ ದ್ರಾವಣ ಅಂತ ಒಂದಿದೆ, ಒಳ್ಳೆಯದೇ, ಆದ್ರೆ ಭಾನುವಾರ ಸಂಜೆ ತೋಟದ ಮನೇಲಿ ಅದನ್ನು ಎಲ್ಲಿಂದ ತರೋದು? ಹಾಲೂ ಇಲ್ಲದಿದ್ದರೆ ಮಗುವಿನ ಕೈಲೇ ಲೋಟಕ್ಕೆ ಉಗುಳಿಸಿ ಆ ಎಂಜಲಲ್ಲಿ ಇಡಬಹುದು, ಇಲ್ಲವೇ ಮೆಡಿಕಲ್ ಶಾಪಿನ ಸಲೈನಲ್ಲಿ. ಏನೂ ಸಿಗದಿದ್ದರೆ ಒಣಗಿಸುವುದಕ್ಕಿಂತ ನೀರೇ ವಾಸಿ.

ಒಂದು ಮಾತು ಮಾತ್ರ ನೆನಪಿರಲಿ, ಸತ್ತ ಜೀವಕೋಶವನ್ನು ಹಾಲು ಎಬ್ಬಿಸುವುದಿಲ್ಲ. ಬದುಕಿರುವುದನ್ನು ಕೆಲವು ಗಂಟೆ ಹಿಡಿದಿಡುತ್ತದೆ ಅಷ್ಟೆ. ಹಾಗಾಗಿ ಹಾಲಿಗೆ ಹಾಕುವ ಮುಂಚೆ ಎಷ್ಟು ನಿಮಿಷ ಒಣಗಿತು ಅನ್ನೋದೇ ನನಗೆ ಬೇಕಾದ ಲೆಕ್ಕ. ಇವನದ್ದು ಹೆಚ್ಚೆಂದರೆ ಹತ್ತು ನಿಮಿಷ.

ಹಾಸನಕ್ಕೆ ಬರುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಡಬ್ಬಿ ತೆಗೆದು ನೋಡಿದೆ. ಬೇರು ಪೂರ್ತಿ ಇತ್ತು, ಎಲ್ಲೂ ಮುರಿದಿರಲಿಲ್ಲ, ಪೊರೆಯ ಚೂರುಗಳು ಗುಲಾಬಿ ಬಣ್ಣದಲ್ಲಿ ಅಂಟಿಕೊಂಡಿದ್ದವು. ಅದನ್ನು ನೋಡಿ ಸಮಾಧಾನ ಆಯ್ತು. ಎಕ್ಸ್‌ರೇ ತೆಗೆದು, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಗೂಡಿನಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ಸಲೈನಲ್ಲಿ ತೊಳೆದು, ಬೆರಳಲ್ಲೇ ಮೆಲ್ಲಗೆ ಕೂರಿಸಿದೆ. ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ತೆಳು ತಂತಿ ಅಂಟಿಸಿದೆ. ಗಟ್ಟಿ ತಂತಿ ಹಾಕೋದಿಲ್ಲ, ಹಲ್ಲು ಚೂರು ಅಲುಗಾಡುತ್ತಾ ಇದ್ದರೇ ಪೊರೆ ಸರಿಯಾಗಿ ಕೂಡುತ್ತದೆ. ಟೆಟನಸ್ ಚುಚ್ಚುಮದ್ದಿನ ಲೆಕ್ಕ ಕೇಳಿ, ಆಂಟಿಬಯಾಟಿಕ್ ಬರೆದುಕೊಟ್ಟೆ. ಎರಡು ವಾರ ಅಕ್ಕಿರೊಟ್ಟಿ ಬೇಡ ಅಂದಾಗ ಹುಡುಗ ಮೊದಲ ಸಲ ಮಾತಾಡಿದ, "ಕಡುಬು ತಿನ್ಬಹುದಾ?" ಮೆತ್ತಗಿದ್ದರೆ ತಿನ್ನು ಅಂದೆ.

ಕೂರಿಸಿದ ಮೇಲೆ ಕೆಲಸ ಮುಗೀತು ಅಂದ್ಕೊಂಡು ಕೆಲವರು ಮತ್ತೆ ಬರೋದೇ ಇಲ್ಲ. ಈ ವಯಸ್ಸಿಗೆ ಬೇರಿನ ತುದಿ ಮುಚ್ಚಿಕೊಂಡಿರುತ್ತದೆ, ಒಳಗಿನ ನರಕ್ಕೆ ಮತ್ತೆ ರಕ್ತ ಸಿಗುವುದಿಲ್ಲ. ಎರಡು ವಾರದೊಳಗೆ ರೂಟ್ ಕೆನಾಲ್ ಶುರು ಮಾಡಲೇಬೇಕು. ಬಿಟ್ಟರೆ ಒಳಗೆ ಕೊಳೆತು, ಆ ಸೋಂಕಿಗೆ ಬೇರೇ ಕರಗಲು ಶುರುವಾಗುತ್ತದೆ. ಇವರು ಹೇಳಿದ ದಿನಕ್ಕೆ ಬಂದರು.

ಇದಕ್ಕೂ ಮುಂಚೆ ಇನ್ನೊಂದು ಹುಡುಗಿಯ ಹಲ್ಲನ್ನು ಮಾರನೇ ದಿನ ಪೇಪರಲ್ಲಿ ಸುತ್ತಿ ತಂದಿದ್ದರು. ಅದನ್ನೂ ಕೂರಿಸಿದೆ. ಪೊರೆ ಸತ್ತಿದ್ದರಿಂದ ಬೇರು ನೇರ ಮೂಳೆಗೇ ಅಂಟಿಕೊಂಡಿತು. ಕನ್ನಡಿಯ ಹಿಡಿಯಲ್ಲಿ ತಟ್ಟಿದರೆ ಪಕ್ಕದ ಹಲ್ಲಿನ ಮಂದ ಸದ್ದಲ್ಲ, ಲೋಹದ ಹಾಗೆ ಟಣ್ ಅನ್ನುತ್ತದೆ. ಅವಳ ದವಡೆ ಬೆಳೀತಿದೆ, ಆ ಹಲ್ಲು ಮಾತ್ರ ಇದ್ದಲ್ಲೇ ಇದ್ದು ಗಿಡ್ಡ ಕಾಣುತ್ತಿದೆ. ಬೇರೂ ನಿಧಾನವಾಗಿ ಮೂಳೆಯಾಗಿ ಕರಗುತ್ತಿದೆ. ಹಾಗಿದ್ದರೆ ಯಾಕೆ ಕೂರಿಸಿದಿರಿ ಅಂತ ಅವಳ ಅಮ್ಮ ಕೇಳಿದ್ದರು. ಕೆಲವು ವರ್ಷ ಆದರೂ ಸ್ವಂತ ಹಲ್ಲಿರುತ್ತದೆ, ಆ ಜಾಗದ ಮೂಳೆಯೂ ಅಷ್ಟು ಬೇಗ ಕುಗ್ಗುವುದಿಲ್ಲ. ಬೆಳವಣಿಗೆ ಮುಗಿದ ಮೇಲೆ ಇಂಪ್ಲಾಂಟ್ ಹಾಕೋದಕ್ಕೆ ಆ ಮೂಳೆ ಬೇಕು, ಅದಕ್ಕೇ.

ತೋಟದ ಹುಡುಗನನ್ನು ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ನೋಡಿದ್ದಾಯ್ತು. ವರ್ಷದ ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಕಪ್ಪು ಗೆರೆ ತೆಳ್ಳಗೆ, ಎಲ್ಲೂ ಕಡಿಯದೆ ಕಾಣುತ್ತಿತ್ತು. ಅಂದ್ರೆ ಬೇರಿಗೂ ಮೂಳೆಗೂ ನಡುವೆ ಪೊರೆ ಉಳಿದಿದೆ. ತಟ್ಟಿದರೆ ಸದ್ದೂ ಪಕ್ಕದ ಹಲ್ಲಿನದ್ದೇ. ಬಣ್ಣ ಒಂಚೂರು ಮಂಕು, ಅದು ಅವನಿಗಿಂತ ಅವನ ಅಮ್ಮನಿಗೇ ಜಾಸ್ತಿ ಚಿಂತೆ. ಐದು ವರ್ಷ ತುಂಬುವ ತನಕ ವರ್ಷಕ್ಕೊಮ್ಮೆ ಬರಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.