ಗೋಡೆಯ ಹವಾಮಾನ ಫಲಕ, ಭಾಗ 4: 403ರ ಕಾಟ

ಮೂರು ವಾರದ ತಲೆನೋವು ನಿನ್ನೆ ರಾತ್ರಿ ಇಳಿಯಿತು. ಇ-ಪೇಪರ್ ಫಲಕದ ಮೇಲೆ ನಾಳೆಯ ಮಳೆ ಕಾಣುತ್ತಿದೆ! ವೈರಿಂಗ್, ಚೌಕಟ್ಟು ಎಲ್ಲ ಮುಗಿದ ಕಥೆ, ಬಿಡಿ. ಫಲಕ ಮಾರಿದವನು ಎರಡನೇ ಸಲವೂ ತಪ್ಪು ರಿಬ್ಬನ್ ಕೇಬಲ್ ಕಳಿಸಿದ. ಅವನನ್ನು ಇನ್ನೊಂದು ದಿನ ಬಯ್ಯುತ್ತೇನೆ.

ಮೊದಲು ನಾನು ಒಂದು ಹವಾಮಾನ ಸೈಟಿನ ಪುಟವನ್ನೇ ಸ್ಕ್ರೇಪ್ ಮಾಡುತ್ತಿದ್ದೆ, ಅಂದರೆ ಕೋಡ್‌ನಿಂದ ಪುಟ ತೆರೆದು ಮಾಹಿತಿ ಹೆಕ್ಕುತ್ತಿದ್ದೆ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಸರ್ವರ್‌ನಿಂದ ಬರೀ 429, ಅಂದರೆ ವಿಪರೀತ ಸಲ ಕೇಳುತ್ತಿದ್ದೀಯ. ಆಮೇಲೆ 403, ಅಂದರೆ ನಿನಗೆ ಪ್ರವೇಶವೇ ಇಲ್ಲ. ಸೈಟಿನವರನ್ನು ಮನಸಾರೆ ಬೈದೆ. ಕೊನೆಗೆ ನನ್ನದೇ ಲಾಗ್ ತೆಗೆದು ನೋಡಿದರೆ ನಾಚಿಕೆಯಾಯಿತು. ಉತ್ತರ ಸಿಗದಿದ್ದರೆ 2 ಸೆಕೆಂಡ್ ಬಿಟ್ಟು ಮತ್ತೆ ಕೇಳು ಅಂತ ನಾನೇ ಬರೆದಿದ್ದೆ. 429 ಬಂದರೂ ಅದೇ ಲೆಕ್ಕ. ಅಂದರೆ ಎಂಟು ಗಂಟೆ ನಿದ್ದೆಯಲ್ಲಿ 14,400 ಸಲ ಬಾಗಿಲು ಬಡಿದಿದ್ದೇನೆ! ಎಷ್ಟು ಹೊತ್ತು ಕಾಯಬೇಕು ಅಂತ ಉತ್ತರದ ಜೊತೆಗೇ ಬರುವ Retry-After ಸಾಲಿನಲ್ಲಿ ಅವರು ಹೇಳಿಯೇ ಇದ್ದರು. ನಾನು ಓದಿರಲಿಲ್ಲ.

ಅವರ ಕಡೆಯಿಂದ ನೋಡಿ. ಪುಟ ಕೇಳಿದಾಗಲೆಲ್ಲ ಸರ್ವರ್ ಕೆಲಸ ಮಾಡಬೇಕು. ಚಿತ್ರ ತರಿಸಿಕೊಳ್ಳದ, ಗಡಿಯಾರದ ಹಾಗೆ ಬಡಿಯುವ, ಹೆಸರೂ ಹೇಳದ ಗಿರಾಕಿ ನಾನು. ಪಾಸ್‌ವರ್ಡ್ ಕದಿಯಲು ಬಂದ ಬಾಟ್‌ಗೂ ನನಗೂ ಏನು ವ್ಯತ್ಯಾಸ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಐಪಿ ಬದಲಿಸಿ ನುಗ್ಗು ಅಂತ ಗೆಳೆಯನೊಬ್ಬ ಹೇಳಿದ. ಬೇಡ ಅಂದವರ ಮನೆಗೆ ಹಿತ್ತಲಿಂದ ಹೋಗೋದು ನನಗೆ ಸರಿಬರಲಿಲ್ಲ.

ಸರಿ, ಪ್ರೋಗ್ರಾಂಗಳಿಗೆಂದೇ ಡೇಟಾ ಕೊಡುವ ಅಧಿಕೃತ ಎಪಿಐ ಹಿಡಿದೆ. ನಾರ್ವೆಯ ಹವಾಮಾನ ಸಂಸ್ಥೆಯ api.met.no ಇಡೀ ಜಗತ್ತಿನ ಮುನ್ಸೂಚನೆಯನ್ನು ಉಚಿತವಾಗಿ ಕೊಡುತ್ತದೆ, ಕೀ ಕೂಡ ಬೇಡ. ಖುಷಿಯಿಂದ ಕೇಳಿದೆ. ಅಲ್ಲೂ 403!

ಎರಡು ಸಂಜೆ ಹೋದ ಮೇಲೆ ನಿಯಮಗಳ ಪುಟ ಓದಿದೆ (ಹೌದು, ಮೊದಲೇ ಓದಬೇಕಿತ್ತು). ತಪ್ಪು ಎರಡಿತ್ತು. ಕೇಳುವವರು ಯಾರು ಅಂತ User-Agentನಲ್ಲಿ ಹೇಳಬೇಕು. ಕೋಡ್ ಲೈಬ್ರರಿ ತಾನಾಗಿ ಹಾಕುವ ಹೆಸರು ಸಾಲದು, ಸಂಪರ್ಕ ವಿಳಾಸವೂ ಬೇಕು. ಎರಡನೆಯದು, ಅಕ್ಷಾಂಶ ರೇಖಾಂಶದಲ್ಲಿ ದಶಮಾಂಶದ ನಂತರ ನಾಲ್ಕೇ ಅಂಕಿ. ನಾನು ಆರು ಕಳಿಸುತ್ತಿದ್ದೆ. ನಾಲ್ಕು ಅಂಕಿ ಅಂದರೇ ಸುಮಾರು 11 ಮೀಟರ್. ಮಳೆಗೆ ಅದಕ್ಕಿಂತ ಜಾಸ್ತಿ ಯಾಕೆ, ಅಲ್ವಾ? ಒಬ್ಬೊಬ್ಬರೂ ಒಂದೊಂದು ಅಂಕಿ ಕಳಿಸಿದರೆ ಅವರ ಕ್ಯಾಶ್‌ನಲ್ಲಿಟ್ಟ ಉತ್ತರ ಯಾರಿಗೂ ಹೊಂದುವುದಿಲ್ಲ.

```
User-Agent: gode-phalaka/0.4 nanna-mail@example.com
If-Modified-Since: <ಹಿಂದಿನ Last-Modified>
```

ಎರಡನೇ ಸಾಲು ಬ್ಯಾಟರಿಗೂ ವರ. ಹೊಸದೇನೂ ಇಲ್ಲದಿದ್ದರೆ 304 ಬರುತ್ತದೆ, ಜೊತೆಗೆ ಡೇಟಾ ಇರುವುದಿಲ್ಲ. ಫಲಕ ಸುಮ್ನೆ ಮಲಗುತ್ತದೆ. ಉತ್ತರದ ಜೊತೆ ಬರುವ Expires ಸಮಯ ಮುಗಿಯುವವರೆಗೆ ಕೇಳುವುದೇ ಇಲ್ಲ. ಮುಗಿದ ಮೇಲೂ ಒಂದಿಷ್ಟು ಯಾದೃಚ್ಛಿಕ ನಿಮಿಷ ಸೇರಿಸಿದ್ದೇನೆ. ಎಲ್ಲರ ಫಲಕವೂ ಸರಿಯಾಗಿ ಗಂಟೆ ಹೊಡೆದಾಗಲೇ ಎದ್ದರೆ ಸರ್ವರ್ ಪಾಡು ಏನು?

ಮುಂದೆ ಮಳೆ ಮಾಪಕ ಮಾಡುವ ಆಸೆ. ಮಳೆನೀರು ತುಂಬಿ ಪುಟ್ಟ ತೊಟ್ಟಿ ಮಗುಚಿದಾಗಲೆಲ್ಲ ಆಯಸ್ಕಾಂತಕ್ಕೆ ಸ್ಪಂದಿಸುವ ರೀಡ್ ಸ್ವಿಚ್ ಎಣಿಸುತ್ತದೆ. ಮುನ್ಸೂಚನೆ ಎಷ್ಟು ಸರಿ ಅಂತ ಅಳೆದು ನೋಡಬಹುದು. ರೀಡ್ ಸ್ವಿಚ್‌ಗೆ ಮಾತ್ರ ಬೇರೆ ಅಂಗಡಿ.