ಲಿಯೋನಿನಲ್ಲಿ ದಾರಿ ಕೇಳಿದ್ದು

ಫ್ರಾನ್ಸಿನ ಲಿಯೋನ್ ನಗರದ ಬೆಲ್‌ಕೂರ್ ಚೌಕದ ನಡುವೆ ಕುದುರೆಯೇರಿದ ಹದಿನಾಲ್ಕನೇ ಲೂಯಿ ದೊರೆಯ ಪ್ರತಿಮೆ ಇದೆ. 'ಕುದುರೆ ಬಾಲದ ಕೆಳಗೆ ಸಿಗೋಣ' ಅನ್ನುವುದು ಊರಿನವರ ರೂಢಿ. ನಾನು ಅಲ್ಲಿ ನಿಂತು, ಹಳೇ ಊರಿನ ಸಾಂ-ಜಾಂ ಕತೆದ್ರಾಲಿಗೆ, ಅಂದರೆ ಅಲ್ಲಿನ ದೊಡ್ಡ ಚರ್ಚಿಗೆ, ಹೋಗುವ ದಾರಿಯನ್ನು ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಕೇಳಿದೆ.

ಅಲ್ಲಿ ಮೊದಲು 'ಬೊಂಜೂರ್ ಮದಾಮ್' ಅನ್ನಲೇಬೇಕು. ನಮಸ್ಕಾರ ಹೇಳದೆ ನೇರ ಪ್ರಶ್ನೆ ಹಾಕಿದರೆ ಒರಟು ಅನ್ನಿಸುತ್ತದೆ. ಆಮೇಲೆ 'ಪುರ್ ಅಲೇ ಆ ಲಾ ಕತೆದ್ರಾಲ್, ಸಿಲ್ ವು ಪ್ಲೇ?' ಅಂದೆ. ಕತೆದ್ರಾಲಿಗೆ ಹೋಗೋದು ಹೇಗೆ, ದಯವಿಟ್ಟು ಹೇಳಿ, ಅಂತ. ಇಷ್ಟು ಸಾಕು, ವ್ಯಾಕರಣಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕಷ್ಟ ಇರುವುದು ಉತ್ತರದಲ್ಲಿ. ಆಕೆ ಹೇಳಿದ್ದು: 'ತ್ರವೆರ್ಸೇ ಲ ಪೋಂ, ತು ದ್ರುವಾ ಜ್ಯೂಸ್ಕೋ ಮೆತ್ರೋ, ಪ್ವೀ ಆ ದ್ರುವಾತ್.' ಸೇತುವೆ ದಾಟಿ, ಮೆಟ್ರೋ ತನಕ ನೇರ ಹೋಗಿ, ಆಮೇಲೆ ಬಲಕ್ಕೆ. 'ತು ದ್ರುವಾ' ಅಂದರೆ ನೇರ. 'ಆ ದ್ರುವಾತ್' ಅಂದರೆ ಬಲಕ್ಕೆ. ವ್ಯತ್ಯಾಸ ಕೊನೆಯ 'ತ್' ಒಂದರಲ್ಲೇ. ವೇಗವಾಗಿ ಮಾತಾಡುವವರ ಬಾಯಲ್ಲಿ ಅದು ಸುಲಭವಾಗಿ ತಪ್ಪಿಹೋಗುತ್ತದೆ. ಹಾಗಾಗಿ ಕೊನೆಯನ್ನಷ್ಟೇ ನಂಬದೆ, ಮುಂದೆ 'ತು' ಇದೆಯಾ 'ಆ' ಇದೆಯಾ ಅಂತಲೂ ಕಿವಿಗೊಡಬೇಕು. ಎಡಕ್ಕೆ 'ಆ ಗೋಶ್'. ಅದರಲ್ಲಿ ಗೊಂದಲವೇ ಇಲ್ಲ.

ಈ ದಾರಿಯಲ್ಲಿ ಆ ಒಂದು 'ತ್' ತುಂಬಾ ಮುಖ್ಯ. ಸೋನ್ ನದಿಯ ಮೇಲಿನ ಬೊನಪಾರ್ತ್ ಸೇತುವೆ ದಾಟಿದ ಕೂಡಲೇ ಬಲಕ್ಕೆ ನದಿ ದಂಡೆಯ ರಸ್ತೆ, ಅಂದರೆ 'ಕೇ' ಸಿಗುತ್ತದೆ. ಕತೆದ್ರಾಲ್ ಕೂಡ ಆ ಕಡೆಯೇ ಕಾಣುತ್ತದೆ. ಆದರೆ ಅಲ್ಲಿ ಕಾಣುವುದು ಅದರ ಬೆನ್ನು, ಬಾಗಿಲು ಆಚೆ ಬದಿಗಿದೆ. ಮೆಟ್ರೋ ತನಕ ನೇರ ನಡೆದು ಬಲಕ್ಕೆ ತಿರುಗಿದರೆ ಮಾತ್ರ ಮುಂಬಾಗಿಲಿನ ಚೌಕಕ್ಕೆ, ಅಂದರೆ 'ಪ್ಲಾಸ್'ಗೆ, ಬರುತ್ತೇವೆ. ನಾನು ಕೈಸನ್ನೆ ಮಾಡುತ್ತಾ ಇಡೀ ದಾರಿಯನ್ನು ಅವರಿಗೇ ತಿರುಗಿ ಹೇಳಿದೆ: 'ದೋಂಕ್, ಲ ಪೋಂ, ತು ದ್ರುವಾ, ಮೆತ್ರೋ, ಪ್ವೀ ಆ ದ್ರುವಾತ್?' ಆಕೆ 'ವ್ವಾಲಾ!', ಅದೇ ಸರಿ, ಅಂತ ನಕ್ಕರು. ಹೀಗೆ ಒಪ್ಪಿಸಿ ನೋಡುವುದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಕತೆದ್ರಾಲ್ ನೋಡಿಕೊಂಡು ರ್ಯೂ ಸಾಂ-ಜಾಂ ಬೀದಿಗೆ ಬಂದೆ. ಇಲ್ಲಿ ಮನೆಗಳ ಒಳಗಿಂದಲೇ ಒಂದು ಬೀದಿಯಿಂದ ಇನ್ನೊಂದಕ್ಕೆ ದಾಟುವ ಓಣಿಗಳಿವೆ, ಅವಕ್ಕೆ 'ತ್ರಾಬೂಲ್' ಅನ್ನುತ್ತಾರೆ. ಹಳೇ ಊರಿನ ಅತಿ ಉದ್ದದ್ದು ಇದೇ ಬೀದಿಯಲ್ಲಿದೆ. ಅಂಗಡಿಯವರನ್ನು ಕೇಳಿದಾಗ, 'ನ್ಯೂಮೆರೋ ಸ್ಯಾಂಕಾಂತ್-ಕತ್ರ್, ಸ್ಯುರ್ ವೋತ್ರ್ ಗೋಶ್' ಅಂದರು. 54ನೇ ನಂಬರು, ನಿಮ್ಮ ಎಡಗಡೆ. 'ನಿಮ್ಮ' ಅಂತ ಸೇರಿಸಿ ಹೇಳಿದ್ದು ನನಗೆ ಬಹಳ ಇಷ್ಟವಾಯಿತು. ಎದುರುಬದುರು ನಿಂತಾಗ ಯಾರ ಎಡ ಅನ್ನುವ ಅನುಮಾನವೇ ಉಳಿಯಲಿಲ್ಲ, ಅಲ್ವಾ? 'ಪುಸ್ಸೇ ಲಾ ಪೋರ್ತ್', ಬಾಗಿಲು ತಳ್ಳಿ, ಅಂತಲೂ ಅಂದರು. ಹೊರಗಿಂದ ಅದು ಸಾಮಾನ್ಯ ಮನೆಬಾಗಿಲಿನ ಹಾಗೇ ಕಾಣುತ್ತದೆ, ಹೇಳದಿದ್ದರೆ ತಳ್ಳುವ ಧೈರ್ಯ ಬರುವುದಿಲ್ಲ. ಒಳಗೆ ಜನ ವಾಸವಿದ್ದಾರೆ, ಸದ್ದು ಮಾಡದೆ ನಡೆಯಬೇಕು. ಅಂಗಳದಿಂದ ಅಂಗಳಕ್ಕೆ ದಾಟುತ್ತಾ ಹೋಗಿ, ರ್ಯೂ ದ್ಯು ಬ್ಯೋಫ್ ಬೀದಿಯ 27ನೇ ನಂಬರಿನ ಬಾಗಿಲಿನಿಂದ ಹೊರಬಿದ್ದೆ.