ಒಂದು ಲಿಂಕ್, ಒಂದೇ ಲಾಭ

ಕೆಲಸ ಬಿಟ್ಟು ಫ್ರೀಲ್ಯಾನ್ಸ್ ವೆಬ್ ಡಿಸೈನರ್ ಆದ ಮೇಲೆ ನಾನು ಮೊದಲು ಕೆಲಸ ಕೇಳಿದ್ದು ಸಕಲೇಶಪುರದ ಕಡೆಯ ಒಂದು ಹೋಂಸ್ಟೇ ಮಾಲೀಕರನ್ನು. ಪರಿಚಯದವರಲ್ಲ. ಅವರ ವೆಬ್‌ಸೈಟ್ ನನ್ನ ಫೋನಿನಲ್ಲಿ ತೆರೆಯುವಷ್ಟರಲ್ಲಿ ಸಾಕುಸಾಕಾಗಿತ್ತು, ಅಷ್ಟೇ ನಂಟು.

ಕಾರಣ ಹುಡುಕಲು ಲ್ಯಾಪ್‌ಟಾಪಿನಲ್ಲಿ, ಪುಟದ ಯಾವ ಫೈಲು ಎಷ್ಟು ದೊಡ್ಡದು ಎಂದು ತೋರಿಸುವ ಕ್ರೋಮ್‌ನ Network ಟ್ಯಾಬ್ ತೆರೆದೆ. ಮುಖಪುಟದಲ್ಲಿ 11 ಫೋಟೋ. ಎಲ್ಲವೂ ಕ್ಯಾಮೆರಾದಿಂದ ಬಂದ ಹಾಗೇ ಹಾಕಿದ್ದು, ಒಟ್ಟು ಸುಮಾರು 48 ಎಂಬಿ. 10 ಎಂಬಿಪಿಎಸ್ ಸಿಗುವ ಕಡೆಯೂ ಇಷ್ಟು ಇಳಿಯಲು 40 ಸೆಕೆಂಡ್ ಹತ್ತಿರ ಬೇಕು. ಘಟ್ಟದ ರಸ್ತೆಯಲ್ಲಿ ಅಷ್ಟು ವೇಗ ಎಲ್ಲಿ ಸಿಗುತ್ತೆ? ಫೋಟೋಗಳ ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಫೈಲ್ ರೂಪಕ್ಕೆ ಬದಲಿಸಿದರೆ ಒಂದೊಂದು 200 ಕೆಬಿ ಆಸುಪಾಸಿಗೆ ಬರುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬರೆದೆ:

"ನಮಸ್ಕಾರ ಸರ್. ನಿಮ್ಮ ಸೈಟಿನ ಮುಖಪುಟ 48 ಎಂಬಿ ಇದೆ, ಫೋನಿನಲ್ಲಿ ತುಂಬಾ ನಿಧಾನವಾಗಿ ತೆರೆಯುತ್ತಿದೆ. ವೈಫೈ ಆಫ್ ಮಾಡಿ ಒಮ್ಮೆ ನೋಡಿ. ಅವೇ ಫೋಟೋ ಇಟ್ಟುಕೊಂಡು ಅದನ್ನು 3 ಎಂಬಿ ಒಳಗೆ ತರಬಲ್ಲೆ. ಇಂಥದ್ದೇ ಕೆಲಸದ ಒಂದು ಮಾದರಿ ಈ ಲಿಂಕಿನಲ್ಲಿದೆ. ಬೇಕೆನಿಸಿದರೆ ಒಂದು ಫೋನ್ ಮಾಡಿ."

'ಬುಕಿಂಗ್ ಜಾಸ್ತಿ ಆಗುತ್ತೆ' ಎಂದು ಬರೆಯುವ ಆಸೆ ಇತ್ತು. ಬರೆಯಲಿಲ್ಲ. ಬುಕಿಂಗ್ ಮಳೆ, ರಜೆ, ರೇಟು ಎಲ್ಲದರ ಮೇಲೂ ನಿಂತಿರುತ್ತದೆ, ಅದು ನನ್ನ ಕೈಯಲ್ಲಿಲ್ಲ. ಎಂಬಿ ಲೆಕ್ಕ ನನ್ನ ಕೈಯಲ್ಲಿದೆ. ಪುಟ ನಿಧಾನ ಅನ್ನುವುದನ್ನು ಅವರೂ ಕೂತಲ್ಲೇ ನೋಡಿಕೊಳ್ಳಬಹುದು. ಲೋಗೋ ಮಾಡುತ್ತೇನೆ, ಇನ್‌ಸ್ಟಾಗ್ರಾಮ್ ನೋಡಿಕೊಳ್ಳುತ್ತೇನೆ ಎಂದೆಲ್ಲ ಸೇರಿಸಿದ್ದರೆ ಇದು ಅವುಗಳ ನಡುವೆ ಕಳೆದುಹೋಗುತ್ತಿತ್ತು.

ಲಿಂಕ್ ಕೂಡ ಪೂರ್ತಿ ಪೋರ್ಟ್‌ಫೋಲಿಯೋದ್ದಲ್ಲ. ಸಂಬಂಧಿಕರೊಬ್ಬರ ತೋಟದ ಸೈಟಿಗೆ ದುಡ್ಡಿಲ್ಲದೆ ಮಾಡಿಕೊಟ್ಟ ಕೆಲಸದ ಒಂದೇ ಪುಟ. ಒಂದೇ ಫೋಟೋದ ಹಳೆಯ ಮತ್ತು ಹೊಸ ರೂಪ ಅಕ್ಕಪಕ್ಕ, ಕೆಳಗೆ ಎರಡರ ತೂಕ. ದುಡ್ಡಿಲ್ಲದೆ ಮಾಡಿದ್ದು ಅಂತಲೂ ಅಲ್ಲೇ ಬರೆದಿದ್ದೆ. ಕಳಿಸುವ ಮೊದಲು ಲಿಂಕನ್ನು ಇನ್‌ಕಾಗ್ನಿಟೊದಲ್ಲಿ, ಅಂದರೆ ನನ್ನ ಲಾಗಿನ್ ಇಲ್ಲದೆ, ತೆರೆದು ನೋಡಿದೆ. ಡ್ರೈವ್‌ನಂಥ ಕಡೆ ಇಟ್ಟ ಫೈಲು ನಮಗೆ ಸಲೀಸಾಗಿ ತೆರೆದುಕೊಳ್ಳುತ್ತೆ, ಬೇರೆಯವರಿಗೆ ಅನುಮತಿ ಕೇಳುತ್ತೆ. ಗುರುತಿಲ್ಲದವರ ಲಿಂಕಿಗೆ ಅನುಮತಿ ಕೇಳಿಕೊಂಡು ಯಾರು ಕೂರುತ್ತಾರೆ, ಅಲ್ವಾ?

ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಕಾಫಿ ಕೊಯ್ಲಿನ ಸಮಯ ಬೇರೆ. ಒಂದು ವಾರ ಬಿಟ್ಟು, ಅವರದೇ ಸೈಟಿನ ಒಂದು ರೂಮಿನ ಫೋಟೋವನ್ನು ಹಗುರ ಮಾಡಿ ಕಳಿಸಿದೆ. ವಾಟ್ಸ್ಆ್ಯಪ್ ತಾನೂ ಫೋಟೋ ಕುಗ್ಗಿಸುತ್ತೆ, ಹಾಗಾಗಿ ಡಾಕ್ಯುಮೆಂಟ್ ಆಗಿ ಕಳಿಸಿದೆ.

ಸಂಜೆ ಫೋನ್ ಬಂತು. "ಫೋಟೋ ಮಬ್ಬಾಗಲ್ವೇನ್ರೀ?"

"ದೊಡ್ಡದು ಮಾಡಿ ನೋಡಿ ಸರ್."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರಿ, ಎಷ್ಟಾಗುತ್ತೆ?"

ರೇಟು ಹೇಳಿದೆ. ಅರ್ಧ ಮುಂಗಡ ಕೇಳಿದೆ. ಹಳೆಯ ಸೈಟ್ ಮಾಡಿದವರ ಹತ್ತಿರ ಪಾಸ್‌ವರ್ಡ್ ಇದೆಯಂತೆ, ಅವರು ಫೋನ್ ಎತ್ತುತ್ತಿಲ್ಲವಂತೆ. ಮೊದಲು ಅದನ್ನು ಬಿಡಿಸಬೇಕಾಯಿತು.